ಸಂಜೆ ಆರೂವರೆಗೆ ತೆರೆಯುವ ಚಿಮಣಿ

ನಮ್ಮದು ಒಂದೇ ಅಂತಸ್ತಿನ ಮನೆ. ಮೇಲೆ ಆರ್‌ಸಿಸಿ ಚಾವಣಿ, ಅದರ ಮೇಲೆ ಬರೀ ಆಕಾಶ. ಅಪ್ಪ ಅಮ್ಮ ಮಲಗುವ ಪಡುವಣ ಕೋಣೆ ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಆರುತ್ತಿರಲಿಲ್ಲ. ಸ್ಟೂಲ್ ಹತ್ತಿ ಚಾವಣಿಗೆ ಅಂಗೈ ಇಟ್ಟರೆ, ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹೊರಮೈ ಮುಟ್ಟಿದ ಹಾಗೆ ಬೆಚ್ಚಗಿರುತ್ತಿತ್ತು. ಫ್ಯಾನ್ ಹಾಕಿದರೆ ಅದೇ ಬಿಸಿಯನ್ನು ತಂದು ಮೈಮೇಲೆ ಸುರಿಯುತ್ತಿತ್ತು.

ಒಂದು ರಾತ್ರಿ ಒಂಬತ್ತಕ್ಕೆ ಎರಡು ಥರ್ಮಾಮೀಟರ್ ಇಟ್ಟು ನೋಡಿದೆ. ಕೋಣೆಯಲ್ಲಿ 34 ಡಿಗ್ರಿ, ಹೊರಗೆ ಜಗಲಿಯ ನೆರಳಲ್ಲಿ 28. ಕಿಟಕಿಗಳೆಲ್ಲ ತೆರೆದೇ ಇದ್ದವು. ಹೊರಗೆ ಆರು ಡಿಗ್ರಿ ತಂಪಾದ ಗಾಳಿ ಇದೆ, ಒಳಗೆ ಬರುತ್ತಿಲ್ಲ. ಬೀಸುವ ಗಾಳಿ ನಿಂತ ರಾತ್ರಿ ಅದು. ಒಳಗಿನ ಬಿಸಿಗಾಳಿಗೆ ಹೋಗಲು ದಾರಿ ಇಲ್ಲ, ಹೊರಗಿನದಕ್ಕೆ ಬರಲು ಕಾರಣ ಇಲ್ಲ. ಸೋಲಾರ್ ಚಿಮಣಿಯ ಯೋಚನೆ ನನಗೆ ಹೊಳೆದದ್ದು ಆ ರಾತ್ರಿ.

ಅದರ ತತ್ವ ಸರಳ. ಒಂದು ಕಡೆ ಗಾಜು, ಇನ್ನೊಂದು ಕಡೆ ಕಪ್ಪು ಬಣ್ಣದ ಮೈ, ನಡುವೆ ಗಾಳಿ ಓಡುವ ಸಂದು. ಬಿಸಿಲು ಗಾಜು ದಾಟಿ ಕಪ್ಪು ಮೈಯನ್ನು ಕಾಯಿಸುತ್ತದೆ. ಅದು ಸಂದಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರವಾಗಿ ಮೇಲೇರಿ ಹೊರಗೆ ಹೋಗುತ್ತದೆ, ಕೆಳಗಿನಿಂದ ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೋಣೆಗೆ ಕಿಟಕಿಯಿಂದ ಹೊಸ ಗಾಳಿ ಬರುತ್ತದೆ. ಕರೆಂಟು ಬೇಡ, ಸದ್ದಿಲ್ಲ.

ಮೊದಲ ಸಲ ನಾನು ಮಾಡಿಸಿದ್ದು ತಗಡಿನ ಪೆಟ್ಟಿಗೆ. 2 ಮೀಟರ್ ಉದ್ದ, 1 ಮೀಟರ್ ಅಗಲ, ಸಂದು 20 ಸೆಂಟಿಮೀಟರ್. ಮೇಲೆ ಗಾಜು, ಒಳಗೆ ಕಪ್ಪು ಬಳಿದ ತಗಡು, ತಗಡಿನ ಬೆನ್ನಿಗೆ ಥರ್ಮೋಕೋಲ್. ಅದನ್ನು ತಾರಸಿಯ ಮೇಲೆ, ನಡುಹಗಲಿನ ಬಿಸಿಲು ಚೆನ್ನಾಗಿ ಬೀಳುವಂತೆ 45 ಡಿಗ್ರಿ ಓರೆಯಾಗಿ ಕೂರಿಸಿದೆವು. ಕೋಣೆಯ ಪಡುವಣ ಗೋಡೆಯಲ್ಲಿ ಚಾವಣಿಗೆ ತಾಗಿದ ಹಾಗೆ ಒಂದು ಹಳೆಯ ಗವಾಕ್ಷಿ ಇತ್ತು. ಅದರಿಂದ ಹೊರಗೆ ಒಂದು ತಗಡಿನ ಕೊಳವೆ ತಂದು, ಎರಡು ಕಡೆ ಬಗ್ಗಿಸಿ, ಪೆಟ್ಟಿಗೆಗೆ ಸೇರಿಸಿದೆವು.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಗವಾಕ್ಷಿಯ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ನೇರವಾಗಿ ಮೇಲೇರದೆ ಪೂರ್ತಿ ಅಡ್ಡಕ್ಕೆ ಬಾಗಿ ಗವಾಕ್ಷಿಯೊಳಗೆ ಮಾಯವಾಯಿತು. ಅಷ್ಟು ಜೋರಾದ ಎಳೆತ ನಾನು ಎಣಿಸಿರಲಿಲ್ಲ. ಖುಷಿಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ.

ಮೂರು ದಿನ ಕಳೆದ ಮೇಲೆ ಅಪ್ಪ ಹೇಳಿದರು, "ನೋಡೋ, ಮುಂಚೆ ಮಧ್ಯಾಹ್ನ ಊಟ ಆದ್ಮೇಲೆ ಆ ಕೋಣೇಲಿ ಸ್ವಲ್ಪ ಹೊತ್ತು ಮಲಗ್ತಿದ್ದೆ. ಈಗ ಆಗ್ತಿಲ್ಲ. ಸೆಕೆ ಜಾಸ್ತಿ ಆಗಿದೆ."

ನನಗೆ ನಂಬಿಕೆ ಬರಲಿಲ್ಲ. ಥರ್ಮಾಮೀಟರ್ ಇಟ್ಟೆ. ಮಧ್ಯಾಹ್ನ ಎರಡಕ್ಕೆ ಹೊರಗೆ ನೆರಳಲ್ಲೇ 38 ಡಿಗ್ರಿ. ಗವಾಕ್ಷಿಗೆ ರಟ್ಟು ಮುಚ್ಚಿ, ಕಿಟಕಿ ಹಾಕಿದ ದಿನ ಕೋಣೆ 33ರಲ್ಲಿತ್ತು. ಚಿಮಣಿ ತೆರೆದಿಟ್ಟ ದಿನ 35 ದಾಟಿತ್ತು. ಅಪ್ಪ ಹೇಳಿದ್ದು ಸರಿ.

ಚಿಮಣಿ ಕೋಣೆಯನ್ನು ತಂಪು ಮಾಡುವುದಿಲ್ಲ. ಒಳಗಿನ ಗಾಳಿಯನ್ನು ಹೊರಗೆ ಹಾಕಿ ಹೊರಗಿನದನ್ನು ಒಳಗೆ ತರುತ್ತದೆ, ಅಷ್ಟೇ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿದ್ದರೆ ಮಾತ್ರ ಲಾಭ. ದಪ್ಪ ಗೋಡೆಯ ಮನೆಯಲ್ಲಿ ನಡುಹಗಲು ಹೊರಗೇ ಬಿಸಿ ಜಾಸ್ತಿ. ಬಿಸಿಲು ಚಾವಣಿಯನ್ನು ದಾಟಿ ಒಳಗಿಳಿಯಲು ಕೆಲವು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಸಂಜೆಯಾಗಿ ಹೊರಗಿನ ಗಾಳಿ ಆರುತ್ತದೆ, ಒಳಗಿನದು ಏರುತ್ತಲೇ ಇರುತ್ತದೆ. ನಮ್ಮಲ್ಲಿ ಎರಡೂ ಸಮವಾಗುವುದು ಸಂಜೆ ಆರರಿಂದ ಆರೂವರೆಯ ಒಳಗೆ. ಚಿಮಣಿ ಎಳೆಯಬೇಕಾದದ್ದು ಅಲ್ಲಿಂದ ಮುಂದೆ.

ಆದರೆ ನನ್ನ ತಗಡಿನ ಪೆಟ್ಟಿಗೆ ಆ ಹೊತ್ತಿಗೆ ಸತ್ತಿರುತ್ತಿತ್ತು. ತೆಳು ತಗಡಿನಲ್ಲಿ ಶಾಖ ನಿಲ್ಲುವುದೇ ಇಲ್ಲ. ಬಿಸಿಲು ಜಾರಿ ಹತ್ತು ನಿಮಿಷಕ್ಕೆ ಅದು ಸುತ್ತಲಿನ ಗಾಳಿಯಷ್ಟೇ ತಣ್ಣಗಾಗುತ್ತಿತ್ತು. ರಾತ್ರಿ ಎಂಟಕ್ಕೆ ಊದುಬತ್ತಿ ಹಿಡಿದರೆ ಹೊಗೆ ಗವಾಕ್ಷಿಯ ಬಾಯಲ್ಲಿ ಆ ಕಡೆ ಈ ಕಡೆ ಅಲೆದಾಡುತ್ತಿತ್ತು. ಪಡುವಣ ಗಾಳಿ ಬೀಸಿದರೆ ಹೊಗೆ ಕೋಣೆಗೇ ವಾಪಸ್ ಬರುತ್ತಿತ್ತು. ಬೇಡದ ಹೊತ್ತಲ್ಲಿ ಜೋರು, ಬೇಕಾದ ಹೊತ್ತಲ್ಲಿ ಏನೂ ಇಲ್ಲ.

ಮಧ್ಯಾಹ್ನ ಗವಾಕ್ಷಿ ಮುಚ್ಚಿಡಲು ಶುರುಮಾಡಿದ ಮೇಲೆ ಇನ್ನೊಂದು ತೊಂದರೆ ಬಂತು. ಗಾಳಿ ಓಡದೆ ಪೆಟ್ಟಿಗೆಯೊಳಗೆ ಬಿಸಿ ಏರುತ್ತಾ ಹೋಯಿತು. ಎರಡು ವಾರ ಬಿಟ್ಟು ಹಿಂದಿನ ತಗಡು ಬಿಚ್ಚಿ ನೋಡಿದರೆ ಥರ್ಮೋಕೋಲ್ ಮುದುಡಿ, ತೇಪೆತೇಪೆಯಾಗಿ ತಗಡಿಗೆ ಅಂಟಿಕೊಂಡಿತ್ತು. ಅದು ಸುಮಾರು 80 ಡಿಗ್ರಿ ಹತ್ತಿರ ಬರುವಾಗಲೇ ಮೆತ್ತಗಾಗುವ ವಸ್ತು. ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ತಗಡಿಗೆ ಆ ಬಿಸಿ ಏನೂ ಕಷ್ಟವಲ್ಲ. ಈ ಜಾಗಕ್ಕೆ ಬಿಸಿ ತಾಳುವ ಕಲ್ಲಿನ ನಾರಿನ ಹೊದಿಕೆ, ಅಂದರೆ ರಾಕ್‌ವೂಲ್ ಹಾಕಬೇಕು. ಅದನ್ನು ನಾನು ಕಲಿತದ್ದು ಹೀಗೆ.

ಪೆಟ್ಟಿಗೆ ಇಳಿಸಿದೆ. ಈ ಸಲ ನನಗೆ ಬೇಕಾದದ್ದು ಏನು ಅಂತ ಸ್ಪಷ್ಟವಾಗಿತ್ತು. ಮಧ್ಯಾಹ್ನದ ಬಿಸಿಲನ್ನು ಹಿಡಿದಿಟ್ಟುಕೊಂಡು ಸಂಜೆ ಬಿಟ್ಟುಕೊಡುವ ಕಪ್ಪು ಮೈ. ಅಂದರೆ ತಗಡಲ್ಲ, ಗೋಡೆ.

ಈ ಯೋಚನೆ ಹೊಸದೇನಲ್ಲ. ಫ್ರಾನ್ಸಿನಲ್ಲಿ ಫೆಲಿಕ್ಸ್ ತ್ರೋಂಬ್ ಎಂಬ ಎಂಜಿನಿಯರ್ 1960ರ ದಶಕದಲ್ಲೇ ಗಾಜಿನ ಹಿಂದೆ ದಪ್ಪ ಕಪ್ಪು ಗೋಡೆ ಕಟ್ಟಿ, ಹಗಲಿನ ಶಾಖವನ್ನು ರಾತ್ರಿಗೆ ಉಳಿಸುವ ಮನೆ ಮಾಡಿದ್ದರು. ಅವರಿಗೆ ಬೇಕಿದ್ದದ್ದು ಚಳಿಗೆ ಬೆಚ್ಚನೆಯ ಮನೆ. ಹಾಗಾಗಿ ಕಾದ ಗಾಳಿಯನ್ನು ಒಳಗೆ ಬಿಟ್ಟುಕೊಂಡರು. ಅದೇ ಗೋಡೆಯ ಮೇಲ್ತುದಿಯನ್ನು ಹೊರಗೆ ತೆರೆದರೆ ಅದು ಚಿಮಣಿಯಾಗುತ್ತದೆ.

ದಿಕ್ಕು ಪಡುವಣ ಅಂತ ಆಯ್ದುಕೊಂಡೆ. ಮಧ್ಯಾಹ್ನ ಮೂರರ ನಂತರ ಸೂರ್ಯ ತಗ್ಗುತ್ತಾ ಬರುತ್ತಾನೆ, ಆಗ ನೆಟ್ಟಗೆ ನಿಂತ ಗಾಜಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಓರೆಯಾಗಿ ಇಡುವ ಅಗತ್ಯವೇ ಇಲ್ಲ. ಓರೆ ಇಡದಿದ್ದರೆ ಎತ್ತರವೂ ಉಳಿಯುತ್ತದೆ. 2 ಮೀಟರ್ ಉದ್ದದ ಪೆಟ್ಟಿಗೆಯನ್ನು 45 ಡಿಗ್ರಿ ಮಲಗಿಸಿದರೆ ಸಿಗುವ ಎತ್ತರ 1.4 ಮೀಟರ್ ಮಾತ್ರ. ಒಂದೇ ಅಂತಸ್ತಿನ ಮನೆಯಲ್ಲಿ ಎತ್ತರವೇ ಕೊರತೆ. ಅದನ್ನು ಕೈಯಾರೆ ಕಳೆದುಕೊಳ್ಳಬಾರದು.

ಚಾವಣಿಗೆ ತೂತು ಹೊಡೆಯುವುದು ಮೊದಲಿಂದಲೂ ನನಗೆ ಇಷ್ಟವಿರಲಿಲ್ಲ. ಒಳಗಿನ ಕಬ್ಬಿಣ ಕತ್ತರಿಸಿದರೆ ಚಾವಣಿಯ ಬಲ ಹೋಗುತ್ತದೆ, ಜೊತೆಗೆ ಮಳೆಗಾಲದಲ್ಲಿ ಸೋರುವ ಚಿಂತೆ. ಪಡುವಣ ಗೋಡೆಯ ನೇರಕ್ಕೆ ತಾರಸಿಯ ಪ್ಯಾರಾಪೆಟ್ ಇತ್ತು. ಅದರಲ್ಲಿ ಗವಾಕ್ಷಿಯ ಮೇಲೆ ಬರುವ 1 ಮೀಟರ್ ಅಗಲದ ತುಂಡನ್ನು ಮಾತ್ರ ಇಟ್ಟಿಗೆಯಲ್ಲಿ ಎತ್ತರಿಸಿ, ಒಟ್ಟು 2 ಮೀಟರ್ ಮಾಡೋಣ, ಅದರ ಹೊರಮೈಗೆ ಕಪ್ಪು ಬಳಿದು ಮುಂದೆ ಗಾಜು ನಿಲ್ಲಿಸೋಣ ಎಂದು ಲೆಕ್ಕ ಹಾಕಿದೆ. ಭಾರವೆಲ್ಲ ಕೆಳಗಿನ ಗೋಡೆಯ ಮೇಲೆ ಬೀಳುತ್ತದೆ, ಚಾವಣಿಯ ನಡುವೆ ಅಲ್ಲ. ಅರ್ಧ ಇಟ್ಟಿಗೆ ದಪ್ಪ, ಅಂದರೆ 10 ಸೆಂಟಿಮೀಟರ್. ಅಷ್ಟಕ್ಕೇ ತೂಕ ಸುಮಾರು 360 ಕೆಜಿ. ಶಾಖ ಹಿಡಿದಿಡುವುದು ಈ ತೂಕ.

ಮೇಸ್ತ್ರಿ ನೋಡಿ ತಲೆ ಅಲ್ಲಾಡಿಸಿದರು. "ಅಣ್ಣ, ಅರ್ಧ ಇಟ್ಟಿಗೆ ಗೋಡೆ ಇಷ್ಟೆತ್ತರ ಒಂಟಿಯಾಗಿ ಗಾಳಿಗೆ ನಿಲ್ಲಲ್ಲ. ಎರಡೂ ಕಡೆ ಆ್ಯಂಗಲ್ ಕೊಡಿ, ಹಿಂದಿನಿಂದ ತಾರಸಿಗೆ ಓರೆ ಆಸರೆ ಕೊಡಿ. ಇಲ್ಲಾಂದ್ರೆ ನಾನು ಕಟ್ಟಲ್ಲ."

ಅವರು ಹೇಳಿದ ಹಾಗೇ ಆಯಿತು. ಎರಡೂ ಬದಿಗೆ ಕಬ್ಬಿಣದ ಆ್ಯಂಗಲ್ ನಿಂತವು, ಗೋಡೆಯೊಳಗೆ ಮೂರು ವರಸೆಗೊಮ್ಮೆ ಸರಳು ಹಾಯಿಸಿ ಆ್ಯಂಗಲ್‌ಗೆ ಬೆಸುಗೆ ಹಾಕಿದರು. ಅದೇ ಆ್ಯಂಗಲ್‌ಗಳಿಂದ ಮುಂದಕ್ಕೆ ಚೌಕಟ್ಟು ಚಾಚಿ ಗಾಜು ಕೂರಿಸಿದೆವು. ಗವಾಕ್ಷಿಯಿಂದ ಹೊರಬಂದ ಗಾಳಿ ಒಂದೇ ಒಂದು ಸಲ ಮೇಲಕ್ಕೆ ತಿರುಗಿ, ಚಾವಣಿಯ ಅಂಚು ದಾಟಿ, ನೇರ ಸಂದಿಗೆ ಸೇರುವಂತೆ ತಗಡಿನ ಅಗಲ ಬಾಯಿ ಮಾಡಿಸಿದೆ. ಇಟ್ಟಿಗೆ ಗೋಡೆಯ ಬೆನ್ನಿಗೆ 5 ಸೆಂಟಿಮೀಟರ್ ರಾಕ್‌ವೂಲ್, ಮಳೆ ತಾಗದಂತೆ ಅದರ ಮೇಲೆ ತಗಡು. ಈ ಬೆನ್ನಿನ ಹೊದಿಕೆ ಬಿಟ್ಟರೆ ಹಿಡಿದ ಶಾಖ ತಾರಸಿಯ ಕಡೆಗೇ ಸೋರಿಹೋಗುತ್ತದೆ.

ಸಂದು ಎಷ್ಟಿರಬೇಕು ಅನ್ನುವುದರಲ್ಲಿ ವೆಲ್ಡರ್‌ಗೂ ನನಗೂ ಮಾತಾಯಿತು. "ದೊಡ್ಡದಾದಷ್ಟೂ ಜಾಸ್ತಿ ಗಾಳಿ ಹೋಗುತ್ತಲ್ವಾ, 40 ಸೆಂಟಿಮೀಟರ್ ಇಡಿ" ಅಂದರು. ಹಾಗೆ ಅನ್ನಿಸುವುದು ಸಹಜ. ಆದರೆ ಅಗಲ ಜಾಸ್ತಿಯಾದರೆ ಗೋಡೆಗೆ ತಾಗಿದ ಗಾಳಿ ಮಾತ್ರ ಕಾದು ಮೇಲೇರುತ್ತದೆ, ಗಾಜಿನ ಕಡೆ ಹೊರಗಿನ ತಣ್ಣನೆಯ ಗಾಳಿ ಮೇಲಿನ ಬಾಯಿಂದ ಕೆಳಗಿಳಿಯುತ್ತದೆ. ಎರಡೂ ಒಂದೇ ಸಂದಿನಲ್ಲಿ ಸುತ್ತುತ್ತಿದ್ದರೆ ಕೋಣೆಯಿಂದ ಏನೂ ಬರುವುದಿಲ್ಲ. ತೀರಾ ಕಿರಿದಾದರೆ ಗಾಳಿಗೆ ಉಜ್ಜಾಟ ಜಾಸ್ತಿ. ಎತ್ತರದ ಹತ್ತನೇ ಒಂದು ಭಾಗ ಅನ್ನುವುದು ನಂಬಬಹುದಾದ ಅಳತೆ. 2 ಮೀಟರ್‌ಗೆ 20 ಸೆಂಟಿಮೀಟರ್.

ಗಾಜು 5 ಮಿಲಿಮೀಟರ್ ಟಫನ್ಡ್. ಮಾಮೂಲಿ ಗಾಜಿನ ನಡುಭಾಗ ಕಾದು, ಚೌಕಟ್ಟಿನ ನೆರಳಲ್ಲಿರುವ ಅಂಚು ತಣ್ಣಗಿದ್ದರೆ ಸೀಳುತ್ತದೆ. ಟಫನ್ಡ್ ಆದರೂ ಕಬ್ಬಿಣಕ್ಕೆ ಬಿಗಿಯಾಗಿ ಕಚ್ಚಿಸಬಾರದು. ಸುತ್ತಲೂ 5 ಮಿಲಿಮೀಟರ್ ಜಾಗ ಬಿಟ್ಟು ರಬ್ಬರ್ ಬೀಡಿಂಗ್ ಮೇಲೆ ಕೂರಿಸಿದೆವು.

ಇಲ್ಲಿ ಎಳೆತದ ಬಲದ ಬಗ್ಗೆ ಒಂದು ಮಾತು ಹೇಳಬೇಕು, ಯಾಕಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬಿಸಿಗಾಳಿಯ ಕಂಬ ಎಷ್ಟು ಎತ್ತರ ಇದೆ, ಹೊರಗಿನದಕ್ಕಿಂತ ಎಷ್ಟು ಬಿಸಿ ಇದೆ, ಈ ಎರಡರಿಂದ ಎಳೆತ ಹುಟ್ಟುತ್ತದೆ. ಕೋಣೆಯ ಗಾಳಿಯೂ ಈ ಕಂಬದ ಭಾಗವೇ. ಕಿಟಕಿಯ ಕೆಳಭಾಗದಿಂದ ಚಾವಣಿಯವರೆಗೆ 5 ಡಿಗ್ರಿ ಜಾಸ್ತಿ, ಚಿಮಣಿಯಲ್ಲಿ ಇನ್ನೊಂದೆರಡು ಮೂರು ಡಿಗ್ರಿ ಜಾಸ್ತಿ ಅಂತ ಹಿಡಿದು ಲೆಕ್ಕ ಹಾಕಿದರೆ ನನ್ನ ಚಿಮಣಿಯ ಎಳೆತ ಸುಮಾರು 1 ಪ್ಯಾಸ್ಕಲ್. ಮೇಜಿನ ಮೇಲೆ ಬಿದ್ದಿರುವ ಒಂದು ಪ್ರಿಂಟರ್ ಹಾಳೆ ಮೇಜನ್ನು ಒತ್ತುವುದು ಸುಮಾರು 0.8 ಪ್ಯಾಸ್ಕಲ್. ಅಂದರೆ ಇಡೀ ಕೋಣೆಯ ಗಾಳಿಯನ್ನು ಹೊರಹಾಕುವ ಬಲ ಒಂದೂವರೆ ಹಾಳೆಯ ಭಾರದಷ್ಟೂ ಇಲ್ಲ.

ಇಷ್ಟು ನಾಜೂಕಾದ ಬಲಕ್ಕೆ ಒಂದು ಸೊಳ್ಳೆ ಜಾಲರಿಯೂ ದೊಡ್ಡ ಅಡ್ಡಿ. ಜಾಲರಿಯಲ್ಲಿ ತಂತಿ ಬಿಟ್ಟು ತೆರೆದಿರುವ ಜಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದಕ್ಕೇ ಗವಾಕ್ಷಿಯ ಜಾಲರಿಯನ್ನು ಚಪ್ಪಟೆಯಾಗಿ ಹೊಡೆಯದೆ, ಕೋಣೆಯ ಕಡೆಗೆ ಉಬ್ಬಿದ ಪೆಟ್ಟಿಗೆಯಂತೆ ಮಾಡಿಸಿ ಅದರ ಮೈಯನ್ನು ಗವಾಕ್ಷಿಯ ಎರಡರಷ್ಟು ಮಾಡಿದೆ. ಆದರೂ ತಿಂಗಳೊಳಗೆ ಅದರ ಮೇಲೆ ಬೂದು ಬಣ್ಣದ ನಯವಾದ ಧೂಳು ಕಟ್ಟುತ್ತದೆ. ಬ್ರಷ್ ಹಾಕಿ ಉಜ್ಜುವ ಮೊದಲು ಮತ್ತು ಆಮೇಲೆ ಊದುಬತ್ತಿ ಹಿಡಿದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಈಗ ಎರಡು ವಾರಕ್ಕೊಮ್ಮೆ ಉಜ್ಜುತ್ತೇವೆ.

ಮೇಲಿನ ಬಾಯಿಯನ್ನು ಈ ಸಲ ಒಂದೇ ದಿಕ್ಕಿಗೆ ತೆರೆಯಲಿಲ್ಲ. ಸಂದಿನ ಮೇಲೆ 20 ಸೆಂಟಿಮೀಟರ್ ಎತ್ತರದಲ್ಲಿ ಚಪ್ಪಟೆ ತಗಡಿನ ಮುಚ್ಚಿಗೆ, ಸುತ್ತಲೂ ತೆರೆದು. ಯಾವ ಕಡೆಯಿಂದ ಗಾಳಿ ಬೀಸಿದರೂ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೋಗುತ್ತದೆ, ಹೋಗುವಾಗ ಚಿಮಣಿಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲ ಪೆಟ್ಟಿಗೆಯಲ್ಲಿ ಹೊಗೆ ವಾಪಸ್ ಬರುತ್ತಿದ್ದ ತೊಂದರೆ ಬಹುಮಟ್ಟಿಗೆ ಇದರಿಂದಲೇ ಹೋಯಿತು.

ಗವಾಕ್ಷಿಗೆ ಒಳಗಿನಿಂದ ಮರದ ಮುಚ್ಚಳ, ಹಗ್ಗ ಎಳೆದರೆ ತೆರೆಯುವ ಹಾಗೆ. ಹಗಲು ಇದನ್ನು ಮುಚ್ಚಿದರೆ ಸಾಕು ಅಂದುಕೊಂಡಿದ್ದೆ. ಆದರೆ ಸಂಜೆ ಐದೂವರೆಗೆ ಇಟ್ಟಿಗೆಯ ಮೈ 47 ಡಿಗ್ರಿಯಲ್ಲೇ ನಿಲ್ಲುತ್ತಿತ್ತು. ಕೆಳಗೆ ಮುಚ್ಚಿದ್ದರೂ ಮೇಲಿನ ಬಾಯಿ ತೆರೆದೇ ಇತ್ತಲ್ಲ, ಅಲ್ಲಿಂದ ತಣ್ಣಗಿನ ಗಾಳಿ ಒಂದು ಪಕ್ಕದಲ್ಲಿ ಇಳಿದು, ಶಾಖ ಹೊತ್ತುಕೊಂಡು ಇನ್ನೊಂದು ಪಕ್ಕದಲ್ಲಿ ಏರಿಹೋಗುತ್ತಿತ್ತು. ಮುಚ್ಚಿಗೆಯ ಕೆಳಗೂ ಒಂದು ತಗಡಿನ ಪಟ್ಟಿ ಹಾಕಿಸಿ ಅದಕ್ಕೆ ಇನ್ನೊಂದು ಹಗ್ಗ ಕೊಟ್ಟೆ. ಮರುದಿನದಿಂದ 55 ಡಿಗ್ರಿ ದಾಟಿತು. ಅಂದ ಹಾಗೆ, ಈ ಬಿಸಿ ಅಳೆಯಲು ಗನ್ ತರಹದ ಥರ್ಮಾಮೀಟರನ್ನು ಗಾಜಿನ ಮುಂದೆ ಹಿಡಿದರೆ ಅದು ತೋರಿಸುವುದು ಗಾಜಿನ ಬಿಸಿಯನ್ನು, ಗೋಡೆಯದನ್ನಲ್ಲ. ಗೋಡೆ ಸೂಸುವ ಶಾಖದ ಕಿರಣ ಗಾಜನ್ನು ದಾಟಿ ಬರುವುದಿಲ್ಲ. ನಾನು ವೈರಿನ ತುದಿಯ ಥರ್ಮಾಮೀಟರನ್ನು ಇಟ್ಟಿಗೆಯ ಮೇಲಿನ ಗಾರೆಯಲ್ಲಿ ಹುದುಗಿಸಿದ್ದೆ.

ಮೊದಲ ಸಂಜೆ ಆರೂವರೆಗೆ ಎರಡೂ ಹಗ್ಗ ಎಳೆದೆ. ಐದು ನಿಮಿಷಕ್ಕೆ ಅಮ್ಮ ಒಳಗಿನಿಂದ ಕೂಗಿದರು, "ಏನೋ ಇದು, ಬಚ್ಚಲ ವಾಸನೆ ಕೋಣೆಗೆ ಬರ್ತಿದೆ!"

ಸೊಳ್ಳೆ ಬರುತ್ತದೆ ಅಂತ ಅಮ್ಮ ಸಂಜೆ ಕಿಟಕಿಗಳನ್ನು ಹಾಕಿದ್ದರು. ಚಿಮಣಿ ಎಳೆಯುತ್ತಿತ್ತು, ಕಿಟಕಿಯಿಂದ ಗಾಳಿ ಸಿಗಲಿಲ್ಲ, ಹಾಗಾಗಿ ಬಚ್ಚಲ ಬಾಗಿಲ ಸಂದಿಯಿಂದ ಎಳೆದುಕೊಂಡಿತು. ಬಚ್ಚಲ ಬಾಗಿಲು ಹಾಕಿ, ಬಡಗಣ ಕಿಟಕಿ ತೆರೆದ ತಕ್ಷಣ ವಾಸನೆ ನಿಂತಿತು. ಚಿಕ್ಕ ಸಂಗತಿ ಅನ್ನಿಸಬಹುದು, ಆದರೆ ನಾನು ಅದನ್ನು ಗಂಭೀರವಾಗಿ ತೆಗೆದುಕೊಂಡೆ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರುವ ಮನೆಯಾದರೆ, ಅಥವಾ ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿದ್ದರೆ, ಹೀಗೆ ಎಳೆದ ಗಾಳಿಯ ಜೊತೆ ವಿಷದ ಹೊಗೆಯೂ ಮಲಗುವ ಕೋಣೆಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ಚಿಮಣಿ ತೆರೆಯುವ ಮೊದಲು ಕಿಟಕಿ ತೆರೆಯಬೇಕು. ಈ ಕ್ರಮವನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ.

ಯಾವ ಕಿಟಕಿ ಅನ್ನುವುದೂ ಮುಖ್ಯ. ಪಡುವಣ ಕಿಟಕಿಯ ಹೊರಗೆ ಸಿಮೆಂಟು ಹಾಕಿದ ಅಂಗಳ ಇದೆ, ರಾತ್ರಿ ಎಂಟರವರೆಗೂ ಕಾದೇ ಇರುತ್ತದೆ. ಅದರ ಮೇಲಿಂದ ಬರುವ ಗಾಳಿ ಬಡಗಣ ಕಿಟಕಿಯ ಗಾಳಿಗಿಂತ 2 ಡಿಗ್ರಿ ಜಾಸ್ತಿ ಇತ್ತು. ಬಡಗಣದಲ್ಲಿ ಗಿಡಗಳ ನೆರಳು, ಹಸಿ ಮಣ್ಣು. ಅದೂ ಅಲ್ಲದೆ ಆ ಕಿಟಕಿ ಇರುವುದು ಗವಾಕ್ಷಿಯ ಎದುರು ಮೂಲೆಗೆ. ಹಾಗಾಗಿ ಗಾಳಿ ಮಂಚದ ಮೇಲಿಂದ ಹಾಯ್ದು ಹೋಗುತ್ತದೆ. ಪಡುವಣ ಕಿಟಕಿ ತೆರೆದರೆ ಗಾಳಿ ನೆಟ್ಟಗೆ ಗವಾಕ್ಷಿಗೆ ಏರಿ, ಕೋಣೆಯ ಉಳಿದ ಭಾಗ ಹಾಗೇ ಉಳಿಯುತ್ತದೆ. ಅಮ್ಮನ ಸೊಳ್ಳೆಯ ಚಿಂತೆಗೆ ಬಡಗಣ ಕಿಟಕಿಗೂ ಜಾಲರಿ ಹಾಕಿಸಿದೆ. ಅದು ದೊಡ್ಡ ಕಿಟಕಿ, ಜಾಲರಿ ಇದ್ದರೂ ಗಾಳಿಗೆ ಸಾಕಷ್ಟು ದಾರಿ ಉಳಿಯುತ್ತದೆ.

ಎಷ್ಟು ಗಾಳಿ ಹೋಗುತ್ತಿದೆ ಅಂತ ಅಳೆಯಲು ಸುಲಭದ ದಾರಿ ಸಿಕ್ಕಿತು. ಚಿಮಣಿಯ ಮುಂದೆ ಗಾಜೇ ಇದೆ, ಒಳಗೆ ಹೋಗುವ ಹೊಗೆ ಕಾಣುತ್ತದೆ. ತಮ್ಮ ಕೆಳಗೆ ಗವಾಕ್ಷಿಯ ಹತ್ತಿರ ನಾಲ್ಕು ಊದುಬತ್ತಿ ಒಟ್ಟಿಗೆ ಹಿಡಿದ. ನಾನು ಅಂಗಳದಲ್ಲಿ ಏಣಿಯ ಮೇಲೆ ನಿಂತು ಟಾರ್ಚ್ ಹಾಕಿದೆ. ಕಪ್ಪು ಗೋಡೆಯ ಮುಂದೆ ಬಿಳಿ ಹೊಗೆ ದಾರದಂತೆ ಏರುತ್ತಿತ್ತು. ಗಾಜಿನ ಕೆಳ ಅಂಚಿನಿಂದ ಮೇಲಿನ ಅಂಚಿಗೆ, ಅಂದರೆ 2 ಮೀಟರ್‌ಗೆ, 5 ಸೆಕೆಂಡು. ಹತ್ತು ಸಲ ನೋಡಿದೆವು, ನಾಲ್ಕೂವರೆಯಿಂದ ಐದೂವರೆ ಸೆಕೆಂಡಿನ ಒಳಗೇ ಇತ್ತು.

ಸೆಕೆಂಡಿಗೆ 0.4 ಮೀಟರ್ ವೇಗ. ಸಂದಿನ ಬಾಯಿಯ ಅಳತೆ 1 ಮೀಟರ್‌ಗೆ 0.2 ಮೀಟರ್, ಅಂದರೆ 0.2 ಚದರ ಮೀಟರ್. ಗುಣಿಸಿದರೆ ಸೆಕೆಂಡಿಗೆ 0.08 ಘನ ಮೀಟರ್, ಗಂಟೆಗೆ ಸುಮಾರು 290. ನಮ್ಮ ಕೋಣೆ 4 ಮೀಟರ್ ಉದ್ದ, 3.5 ಅಗಲ, 3 ಎತ್ತರ. ಒಟ್ಟು 42 ಘನ ಮೀಟರ್. ಅಂದರೆ ಕೋಣೆಯ ಗಾಳಿ ಗಂಟೆಗೆ ಏಳು ಸಲ ಬದಲಾಗುತ್ತದೆ. ಹೊಗೆ ಸಂದಿನ ನಡುವಿನ ವೇಗದ ಜಾಗದಲ್ಲಿ ಹೋಗುತ್ತದೆ, ಅಂಚುಗಳಲ್ಲಿ ಗಾಳಿ ನಿಧಾನ. ಹಾಗಾಗಿ ಆರು ಸಲ ಅಂತ ಇಟ್ಟುಕೊಳ್ಳುವುದು ನ್ಯಾಯ. ಇದು ರಾತ್ರಿ ಏಳೂವರೆಯ ಲೆಕ್ಕ. ಹತ್ತೂವರೆಗೆ ಅದೇ ದೂರಕ್ಕೆ 7 ಸೆಕೆಂಡು ಹಿಡಿಯಿತು. ಅಷ್ಟು ಹೊತ್ತಿಗೆ ಇಟ್ಟಿಗೆಯ ಶಾಖ ಹೆಚ್ಚುಕಡಿಮೆ ಮುಗಿದಿರುತ್ತದೆ. ಕೋಣೆ ಹೊರಗಿಗಿಂತ ಬೆಚ್ಚಗಿರುವ ಕಾರಣಕ್ಕೇ ಮೆಲ್ಲಗೆ ಎಳೆತ ಮುಂದುವರಿಯುತ್ತದೆ.

ರಾತ್ರಿ ಒಂಬತ್ತಕ್ಕೆ ಮೊದಲು 34 ಇದ್ದ ಕೋಣೆ ಈಗ, ಹೊರಗೆ ಅಷ್ಟೇ ಬಿಸಿಯಿದ್ದ ದಿನಗಳಲ್ಲಿ, 31ರಿಂದ 31.5. ಎರಡೂವರೆಯಿಂದ ಮೂರು ಡಿಗ್ರಿ ಕಡಿಮೆ. ಜೊತೆಗೆ ಮಂಚದ ಮೇಲೆ ಗಾಳಿ ಹಾಯುವುದು ಗೊತ್ತಾಗುತ್ತದೆ.

ಇನ್ನೂ ಇಳಿಯಲಿಲ್ಲ ಯಾಕೆ ಅಂತ ತಮ್ಮ ಕೇಳಿದ. ಕಾರಣ ತಲೆಯ ಮೇಲೆಯೇ ಇದೆ. ಆ ಕೋಣೆಯ ಮೇಲಿನ ಚಾವಣಿಯ ತೂಕ ಸುಮಾರು 4 ಟನ್. ಒಳಗೆ 5 ಡಿಗ್ರಿ ಜಾಸ್ತಿ ಇದ್ದಾಗ ಚಿಮಣಿ ಹೊರಹಾಕುವ ಶಾಖ ಸುಮಾರು 400 ವ್ಯಾಟ್. ಆ ಲೆಕ್ಕದಲ್ಲಿ ಚಾವಣಿಯನ್ನು ಬರೀ 1 ಡಿಗ್ರಿ ಇಳಿಸಲು ಎರಡು ಗಂಟೆಗಿಂತ ಜಾಸ್ತಿ ಬೇಕು. ಚಿಮಣಿ ಗಾಳಿಯನ್ನು ಬದಲಾಯಿಸುತ್ತದೆ, ಆದರೆ ಕಾದ ಕಾಂಕ್ರೀಟು ಹೊಸ ಗಾಳಿಯನ್ನು ಮತ್ತೆ ಕಾಯಿಸುತ್ತಲೇ ಇರುತ್ತದೆ. ಶಾಖ ಒಳಗೆ ಬಾರದಂತೆ ತಡೆಯುವ ಕೆಲಸ ಬೇರೆಯೇ ಇದೆ. ಮುಂದಿನ ವಾರ ತಾರಸಿಗೆ ಎರಡು ಕೋಟು ಬಿಳಿ ಸುಣ್ಣ ಬಳಿದೆವು. ಆಮೇಲೆ ಒಂಬತ್ತರ ಲೆಕ್ಕ 30ರ ಹತ್ತಿರ ಬಂತು. ನಿಜ ಹೇಳಬೇಕೆಂದರೆ ಸುಣ್ಣವನ್ನೇ ಮೊದಲು ಬಳಿಯಬೇಕಿತ್ತು. ಚಿಮಣಿ ಕಟ್ಟುವ ಯೋಚನೆ ಇರುವ ಯಾರಿಗಾದರೂ ನಾನು ಇದನ್ನೇ ಮೊದಲು ಹೇಳುತ್ತೇನೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಗಂಟೆಗೆ 250 ಘನ ಮೀಟರ್ ಗಾಳಿಯನ್ನು 30 ವ್ಯಾಟಿನ ಒಂದು ಎಕ್ಸಾಸ್ಟ್ ಫ್ಯಾನ್ ಕೂಡ ಹೊರಹಾಕುತ್ತದೆ, ಇಟ್ಟಿಗೆ ಗಾಜು ಯಾವುದೂ ಇಲ್ಲದೆ. ಕರೆಂಟು ನೆಚ್ಚಿಕೆಯಾಗಿ ಇರುವ ಮನೆಗೆ, ಅದರ ಸದ್ದು ತೊಂದರೆ ಅನ್ನಿಸದವರಿಗೆ, ಅದು ಸಾಕು. ನಮಗೆ ಬೇಸಿಗೆಯ ರಾತ್ರಿ ಕರೆಂಟು ಹೋಗುವುದೇ ದೊಡ್ಡ ಕಷ್ಟವಾಗಿತ್ತು. ಅಪ್ಪನಿಗೆ ಸದ್ದಿದ್ದರೆ ನಿದ್ದೆ ಬಾರದು. ಆದ್ದರಿಂದ ಗೋಡೆ ಕಟ್ಟಿದ್ದು ನಮಗೆ ಸರಿಯಾಯಿತು.

ಮೋಡ ಕವಿದ ದಿನ ಇಟ್ಟಿಗೆ 38, 40 ಡಿಗ್ರಿಗೆ ನಿಲ್ಲುತ್ತದೆ, ಆ ಸಂಜೆ ಎಳೆತ ಮಂದ. ಮಳೆಗೆ ಮುಂಚಿನ ಜಿಗುಟು ಸೆಕೆಯ ರಾತ್ರಿಗಳಲ್ಲಿ ಹೊರಗಿನ ಗಾಳಿಯೇ 31 ಇರುತ್ತದೆ, ಆಗ ಚಿಮಣಿಯಿಂದ ಹೆಚ್ಚೇನೂ ಸಿಗುವುದಿಲ್ಲ. ಅಂಥ ದಿನ ಫ್ಯಾನೇ ಗತಿ. ಚಳಿಗಾಲದಲ್ಲಿ ಎರಡೂ ಮುಚ್ಚಳ ಹಾಕಿ, ಗವಾಕ್ಷಿಯ ಅಂಚಿಗೆ ಹಳೆ ಬಟ್ಟೆ ತುರುಕುತ್ತೇವೆ. ಇಲ್ಲದಿದ್ದರೆ ಕೋಣೆಯ ಬೆಚ್ಚನೆಯ ಗಾಳಿ ರಾತ್ರಿಯೆಲ್ಲ ಸೋರುತ್ತದೆ.

ಗವಾಕ್ಷಿಯ ಮುಂದೆ ನಾನು ಒಂದು ಬೆರಳಗಲದ ಟಿಶ್ಯೂ ಕಾಗದದ ಪಟ್ಟಿ ಇಳಿಬಿಟ್ಟಿದ್ದೇನೆ. ಎಳೆತ ಇದ್ದರೆ ಅದು ಗೋಡೆಯ ಕಡೆಗೆ ಬಾಗುತ್ತದೆ, ಜಾಲರಿಯಲ್ಲಿ ಧೂಳು ಕಟ್ಟಿದರೆ ನೆಟ್ಟಗಾಗುತ್ತಾ ಬರುತ್ತದೆ. ಈಗ ಹಗ್ಗ ಎಳೆಯುವ ಕೆಲಸ ಅಪ್ಪನದು. ಆರೂವರೆಗೆ ಮೊದಲು ಜಗಲಿಯ ಥರ್ಮಾಮೀಟರ್, ಆಮೇಲೆ ಕೋಣೆಯದ್ದು ನೋಡುತ್ತಾರೆ. ಹೊರಗೆ ಕಡಿಮೆ ಇದ್ದರೆ ಬಡಗಣ ಕಿಟಕಿ ತೆರೆದು, ಎರಡೂ ಹಗ್ಗ ಎಳೆದು, ಕಾಗದ ಬಾಗುವವರೆಗೆ ಅಲ್ಲೇ ನಿಂತಿರುತ್ತಾರೆ. ನಿನ್ನೆ ಸಂಜೆ ಹಜಾರಕ್ಕೆ ಬಂದು, "ಇವತ್ತು ಕಾಗದ ಸ್ವಲ್ಪವೇ ಬಾಗಿದೆ, ಜಾಲರಿ ಉಜ್ಜಬೇಕು ಕಣೋ" ಅಂದರು. ನಾಳೆ ಬೆಳಿಗ್ಗೆ ಏಣಿ ಹಾಕಬೇಕು.